ಎರಡು ಯಂತ್ರಗಳು ಸಮಾನವೇ?

ನಮ್ಮ ಮುಂದೆ ಮೇಜಿನ ಮೇಲೆ ಎರಡು ಪೆಟ್ಟಿಗೆಗಳಿವೆಯೆಂದು ಭಾವಿಸೋಣ. ಒಂದೊಂದರ ಮೇಲೂ ಒಂದು ಗುಂಡಿ, ಒಂದು ಪುಟ್ಟ ದೀಪ. ಗುಂಡಿಯನ್ನು ಒತ್ತಿದಂತೆಲ್ಲ ಒಳಗಿನ ಯಂತ್ರವು ಒಂದು ಸ್ಥಿತಿಯಿಂದ ಮತ್ತೊಂದು ಸ್ಥಿತಿಗೆ ಸರಿಯುತ್ತದೆ. ಕೆಲವು ಸ್ಥಿತಿಗಳಲ್ಲಿ ದೀಪ ಉರಿಯುತ್ತದೆ, ಉಳಿದವುಗಳಲ್ಲಿ ಇಲ್ಲ. ಮೊದಲನೆಯ ಪೆಟ್ಟಿಗೆಯಲ್ಲಿ ನಾಲ್ಕು ಸ್ಥಿತಿಗಳು ಒಂದು ವರ್ತುಲವಾಗಿ ನಿಂತಿವೆ. ಅವನ್ನು ಅ0, ಅ1, ಅ2, ಅ3 ಎಂದು ಕರೆಯೋಣ. ಎರಡನೆಯದರಲ್ಲಿ ಆರು ಸ್ಥಿತಿಗಳ ವರ್ತುಲ: ಬ0 ಮೊದಲ್ಗೊಂಡು ಬ5ರ ವರೆಗೆ. ಎರಡೂ ಸೊನ್ನೆಯ ಸ್ಥಿತಿಯಿಂದ ಹೊರಡುತ್ತವೆ. ಮೊದಲನೆಯದರಲ್ಲಿ ಅ1 ಒಂದರಲ್ಲಿ ಮಾತ್ರ ದೀಪ ಉರಿಯುತ್ತದೆ; ಎರಡನೆಯದರಲ್ಲಿ ಬ1 ಮತ್ತು ಬ5ರಲ್ಲಿ ಉರಿಯುತ್ತದೆ.

ಈಗ ಎರಡು ಗುಂಡಿಗಳನ್ನೂ ಒಟ್ಟಿಗೆ ಒತ್ತುತ್ತ ಹೋಗೋಣ. ಒತ್ತುವ ಮೊದಲು ಎರಡು ದೀಪಗಳೂ ಆರಿವೆ. ಒಮ್ಮೆ ಒತ್ತಿದಾಗ ಎರಡೂ ಉರಿಯುತ್ತವೆ. ಎರಡು, ಮೂರು, ನಾಲ್ಕನೆಯ ಸಲ ಎರಡೂ ಆರಿರುತ್ತವೆ. ಐದನೆಯ ಸಲ ಎರಡೂ ಉರಿಯುತ್ತವೆ. ಆರನೆಯ ಸಲ ಎರಡೂ ಆರುತ್ತವೆ. ಇಷ್ಟು ಹೊತ್ತಿಗೆ ಎರಡೂ ಯಂತ್ರಗಳ ಪ್ರತಿಯೊಂದು ಸ್ಥಿತಿಯನ್ನೂ ನಾವು ಕಂಡಾಯಿತು. ಒಂದು ಸ್ಥಿತಿಯಿಂದ ಇನ್ನೊಂದಕ್ಕೆ ಹೋಗುವ ಪ್ರತಿಯೊಂದು ಹಾದಿಯನ್ನೂ ತುಳಿದಾಯಿತು. ಎಚ್ಚರಿಕೆಯುಳ್ಳ ಪರೀಕ್ಷಕನೂ ಇಲ್ಲಿ ನಿಂತು, ಇವೆರಡೂ ಒಂದೇ ಬಗೆಯವು ಎಂದು ಸಹಿ ಹಾಕಿಬಿಡಬಹುದು. ಆದರೆ ಏಳನೆಯ ಸಲ ಒತ್ತಿದಾಗ ಮೊದಲನೆಯದು ಅ3ಕ್ಕೆ ಬಂದು ದೀಪ ಆರಿರುತ್ತದೆ. ಎರಡನೆಯದು ಮರಳಿ ಬ1ಕ್ಕೆ ಬಂದು ದೀಪ ಉರಿಯುತ್ತದೆ!

ಹಾಗಾದರೆ ಪರೀಕ್ಷೆಯನ್ನು ಎಲ್ಲಿ ನಿಲ್ಲಿಸಬೇಕು? ಏಳು ಸಲ ಹೊಂದಿಕೊಂಡು ಎಂಟನೆಯ ಸಲ ಕೈಕೊಡಲಾರದೆಂದು, ನೂರು ಸಲ ಹೊಂದಿಕೊಂಡು ನೂರೊಂದನೆಯ ಸಲ ಕೈಕೊಡಲಾರದೆಂದು ಹೇಗೆ ನಂಬುವುದು? ಈ ಲೇಖನದಲ್ಲಿ ನಾವು ವಿಚಾರಿಸಬೇಕೆಂದಿರುವುದು ಇದನ್ನೇ.

ಇಂತಹ ಪೆಟ್ಟಿಗೆಗೆ ಗಣಕಶಾಸ್ತ್ರದಲ್ಲಿ ನಿರ್ಧಾರಿತ ಆಟೋಮೇಟನ್ ಎಂದು ಹೆಸರು. ಅದರಲ್ಲಿ ಸ್ಥಿತಿಗಳ ಸಂಖ್ಯೆ ಪರಿಮಿತವಾದುದು. ಗುಂಡಿ ಒಂದೇ ಇರಬೇಕೆಂದಿಲ್ಲ; ಎಷ್ಟು ಗುಂಡಿಗಳಿವೆಯೋ ಅಷ್ಟು ಅಕ್ಷರಗಳೆಂದು ತಿಳಿಯಬಹುದು. ಪ್ರತಿಯೊಂದು ಸ್ಥಿತಿಯಿಂದಲೂ ಪ್ರತಿಯೊಂದು ಅಕ್ಷರಕ್ಕೂ ಒಂದು, ಒಂದೇ ಒಂದು, ಬಾಣ ಹೊರಡುತ್ತದೆ. ಅಕ್ಷರಗಳನ್ನು ಸಾಲಾಗಿ ಒತ್ತಿದರೆ ಒಂದು ಪದವಾಯಿತು. ಪದದ ಕೊನೆಯಲ್ಲಿ ದೀಪ ಉರಿದರೆ ಯಂತ್ರವು ಆ ಪದವನ್ನು ಸ್ವೀಕರಿಸಿತು ಎನ್ನುತ್ತೇವೆ. ಎರಡು ಯಂತ್ರಗಳು ಸಮಾನವೆಂದರೆ, ಯಾವ ಪದವನ್ನು ಕೊಟ್ಟರೂ ಎರಡರ ದೀಪಗಳೂ ಒಂದೇ ರೀತಿಯಲ್ಲಿ ಉತ್ತರ ಕೊಡಬೇಕು. ಪದಗಳಿಗೆ ಕೊನೆಯಿಲ್ಲ, ಯಂತ್ರಗಳ ಸ್ಥಿತಿಗಳಿಗೆ ಕೊನೆಯಿದೆ. ಈ ವ್ಯತ್ಯಾಸವೇ ನಮಗೆ ಆಧಾರ.

ಮೊದಲು ಹೊಳೆಯುವ ಉಪಾಯವೆಂದರೆ ಜೋಡಿಗಳನ್ನು ಬರೆದಿಡುವುದು. ಎರಡೂ ಯಂತ್ರಗಳು ಒಟ್ಟಿಗೆ ನಡೆಯುವಾಗ, ಮೊದಲನೆಯದು ಇಂತಹ ಸ್ಥಿತಿಯಲ್ಲಿ, ಎರಡನೆಯದು ಇಂತಹ ಸ್ಥಿತಿಯಲ್ಲಿ ಎಂಬ ಒಂದು ಜೋಡಿ ಪ್ರತಿ ಹೆಜ್ಜೆಯಲ್ಲಿಯೂ ದೊರೆಯುತ್ತದೆ. ಒಮ್ಮೆ ನೋಡಿದ ಜೋಡಿ ಮತ್ತೆ ಬಂದರೆ ಅಲ್ಲಿಂದ ಮುಂದಿನದೆಲ್ಲ ಹಳೆಯ ಕಥೆಯೇ. ನಾಲ್ಕು ಮತ್ತು ಆರು ಸ್ಥಿತಿಗಳಿದ್ದರೆ ಜೋಡಿಗಳು 24ಕ್ಕಿಂತ ಹೆಚ್ಚಾಗಲಾರವು. ಉಪಾಯವೇನೋ ಸರಿ, ಆದರೆ ದುಬಾರಿಯಾದುದು. ಸಾವಿರ ಸ್ಥಿತಿಗಳ ಎರಡು ಯಂತ್ರಗಳಿಗೆ ಹತ್ತು ಲಕ್ಷ ಜೋಡಿಗಳಾಗಬಹುದು. ಈ ಲೆಕ್ಕವನ್ನು ಗುಣಾಕಾರದಿಂದ ಸಂಕಲನಕ್ಕೆ ಇಳಿಸುವ ವಿಧಾನವನ್ನು ಜಾನ್ ಹಾಪ್‌ಕ್ರಾಫ್ಟ್ ಮತ್ತು ರಿಚರ್ಡ್ ಕಾರ್ಪ್ ಎಂಬ ಅಮೆರಿಕದ ವಿದ್ವಾಂಸರು 1971ರಲ್ಲಿ ಕಾರ್ನೆಲ್ ವಿಶ್ವವಿದ್ಯಾಲಯದ ಒಂದು ವರದಿಯಲ್ಲಿ ನಿರೂಪಿಸಿದರು.

ಅವರ ವಿಧಾನದ ತಿರುಳು ಇಷ್ಟೆ. ಅ0 ಮತ್ತು ಬ0 ಸಮಾನವೆಂದು ಮೊದಲಿಗೆ ಒಪ್ಪಿಕೊಂಡುಬಿಡೋಣ. ಒಪ್ಪಿಕೊಂಡ ಮೇಲೆ, ಒಂದೇ ಅಕ್ಷರದಿಂದ ಅವು ಹೋಗಿ ಸೇರುವ ಸ್ಥಿತಿಗಳೂ ಸಮಾನವಾಗಿರಲೇಬೇಕು. ಅವುಗಳಿಂದ ಮುಂದಿನವೂ ಹಾಗೆಯೇ. ಹೀಗೆ ಸಮಾನವಾಗಿರಲೇಬೇಕಾದ ಸ್ಥಿತಿಗಳನ್ನೆಲ್ಲ ಒಂದೊಂದು ಗುಂಪಿಗೆ ಕೂಡಿಸುತ್ತ ಹೋಗುವುದು. ಅ0ಕ್ಕೆ ಬ0 ಸಮಾನ, ಅ0ಕ್ಕೆ ಬ4 ಸಮಾನ ಎಂದಾದರೆ, ಬ0 ಮತ್ತು ಬ4 ತಮ್ಮಲ್ಲಿ ಸಮಾನವೆಂದು ಪುನಃ ಪರೀಕ್ಷಿಸಬೇಕಾದ ಅಗತ್ಯವಿಲ್ಲ. ಮೂರೂ ಒಂದೇ ಗುಂಪಿನವು. ಜೋಡಿಗಳ ಪಟ್ಟಿಯನ್ನು ಇಟ್ಟುಕೊಂಡವನಿಗೆ ಈ ಪ್ರಯೋಜನ ದೊರೆಯುವುದಿಲ್ಲ. ಗುಂಪುಗಳನ್ನು ಇಟ್ಟುಕೊಂಡವನಿಗೆ ದೊರೆಯುತ್ತದೆ.

ನಿಜವಾಗಿಯೂ ಸಮಾನವಾದ ಒಂದು ಜೊತೆಯ ಮೇಲೆ ಇದನ್ನು ನಡೆಸಿ ನೋಡೋಣ. ಅದೇ ಎರಡು ವರ್ತುಲಗಳು. ಆದರೆ ಈಗ ಮೊದಲನೆಯದರಲ್ಲಿ ಅ0 ಮತ್ತು ಅ2, ಎರಡನೆಯದರಲ್ಲಿ ಬ0, ಬ2 ಮತ್ತು ಬ4 ದೀಪವುಳ್ಳ ಸ್ಥಿತಿಗಳು. ಗುಂಡಿಯನ್ನು ಸಮಸಂಖ್ಯೆಯಷ್ಟು ಸಲ ಒತ್ತಿದಾಗ ಎರಡೂ ಉರಿಯುತ್ತವೆಂಬುದು ವಾಚಕರಿಗೆ ಆಗಲೇ ಹೊಳೆದಿರಬಹುದು. ವಿಧಾನಕ್ಕೆ ಅದು ಗೊತ್ತಿಲ್ಲ. ಮೊದಲಿಗೆ ಹತ್ತು ಸ್ಥಿತಿಗಳೂ ಬೇರೆ ಬೇರೆ, ಹತ್ತು ಗುಂಪುಗಳು. ಅ0, ಬ0 ಎರಡರಲ್ಲಿಯೂ ದೀಪವಿದೆ, ಕೂಡಿಸುತ್ತೇವೆ. ಗುಂಡಿ ಒತ್ತಿದರೆ ಅ1, ಬ1, ಎರಡರಲ್ಲಿಯೂ ದೀಪವಿಲ್ಲ, ಕೂಡಿಸುತ್ತೇವೆ. ಹೀಗೆಯೇ ಅ2ಕ್ಕೆ ಬ2, ಅ3ಕ್ಕೆ ಬ3 ಸೇರುತ್ತವೆ. ನಾಲ್ಕನೆಯ ಒತ್ತಿಗೆ ಮೊದಲ ಯಂತ್ರವು ಅ0ಕ್ಕೆ ಮರಳುತ್ತದೆ, ಎರಡನೆಯದು ಬ4ಕ್ಕೆ ಹೋಗುತ್ತದೆ. ಬ4 ಹೋಗಿ ಅ0, ಬ0 ಇರುವ ಗುಂಪನ್ನು ಸೇರುತ್ತದೆ. ಐದನೆಯದಕ್ಕೆ ಬ5 ಹೋಗಿ ಅ1, ಬ1 ಇರುವ ಗುಂಪನ್ನು ಸೇರುತ್ತದೆ. ಈಗ ನಾಲ್ಕು ಗುಂಪುಗಳು ಉಳಿದಿವೆ.

ಆರನೆಯ ಒತ್ತಿಗೆ ದೊರೆಯುವ ಜೋಡಿ ಅ2, ಬ0. ಇವೆರಡೂ ಆಗಲೇ ಬೇರೆ ಬೇರೆ ಗುಂಪುಗಳಲ್ಲಿವೆ. ಆದುದರಿಂದ ಗುಂಪುಗಳೇ ಒಂದಾಗಬೇಕು: ಅ0, ಬ0, ಬ4, ಅ2, ಬ2 ಎಲ್ಲವೂ ಒಂದೇ. ಏಳನೆಯದು ಅ3, ಬ1. ಇವುಗಳ ಗುಂಪುಗಳೂ ಕೂಡಿ ಅ1, ಬ1, ಬ5, ಅ3, ಬ3 ಒಂದಾಗುತ್ತವೆ. ಎಂಟನೆಯ ಒತ್ತಿಗೆ ಬರುವುದು ಅ0, ಬ2 ಎಂಬ ಜೋಡಿ. ಈ ಜೋಡಿಯನ್ನು ನಾವು ಹಿಂದೆ ಎಂದೂ ನೋಡಿಲ್ಲ. ಆದರೂ ಎರಡೂ ಒಂದೇ ಗುಂಪಿನಲ್ಲಿವೆ! ಇನ್ನು ಪರೀಕ್ಷಿಸಲು ಏನೂ ಉಳಿದಿಲ್ಲ, ಯಂತ್ರಗಳು ಸಮಾನ. ಜೋಡಿಗಳನ್ನು ಬರೆದಿಡುವವನು ಹನ್ನೆರಡು ಜೋಡಿಗಳನ್ನು ದಾಟಬೇಕಾಗಿತ್ತು. ನಮಗೆ ಎಂಟು ಕೂಡಿಕೆಗಳು ಸಾಕಾದವು. ನಾಲ್ಕರ ಉಳಿತಾಯ ಅಲ್ಪವೆಂದು ತೋರಬಹುದು. ವರ್ತುಲಗಳು 98 ಮತ್ತು 100 ಸ್ಥಿತಿಗಳವಾಗಿದ್ದು, ಎರಡರಲ್ಲಿಯೂ ಸಮಸಂಖ್ಯೆಯ ಸ್ಥಿತಿಗಳಲ್ಲಿ ದೀಪವಿದ್ದರೆ ಜೋಡಿಗಳು 4900, ಕೂಡಿಕೆಗಳು 196.

ಸಂಕಲನಕ್ಕೆ ಇಳಿಯುವ ಕಾರಣ ಈಗ ಸ್ಪಷ್ಟ. ಒಂದು ಯಂತ್ರದಲ್ಲಿ m, ಇನ್ನೊಂದರಲ್ಲಿ n ಸ್ಥಿತಿಗಳಿದ್ದರೆ ಮೊದಲಿಗೆ ಗುಂಪುಗಳು m + n. ಪ್ರತಿಯೊಂದು ಕೂಡಿಕೆಯೂ ಗುಂಪುಗಳ ಸಂಖ್ಯೆಯನ್ನು ಒಂದರಷ್ಟು ಕಡಮೆಮಾಡುತ್ತದೆ. ಗುಂಪುಗಳು ಒಂದಕ್ಕಿಂತ ಕಡಮೆಯಾಗಲಾರವು. ಆದುದರಿಂದ ಕೂಡಿಕೆಗಳು m + n − 1ನ್ನು ಮೀರಲಾರವು.

ಇಲ್ಲಿ ಜಾಣ ವಿದ್ಯಾರ್ಥಿಯೊಬ್ಬನು ಎದ್ದು ನಿಂತು ಆಕ್ಷೇಪಿಸಬಹುದು: ಯಾವುದನ್ನು ಸಾಧಿಸಬೇಕೋ ಅದನ್ನೇ ಮೊದಲು ಒಪ್ಪಿಕೊಂಡು, ಆಮೇಲೆ ಅದರ ಬಲದಿಂದಲೇ ಪರೀಕ್ಷೆಯನ್ನು ನಿಲ್ಲಿಸುವುದು ನ್ಯಾಯವೇ? ಆಕ್ಷೇಪ ಬಲವಾದುದು, ಉತ್ತರವನ್ನು ಸಾವಧಾನವಾಗಿ ನೋಡಬೇಕು. ವಿಧಾನವು ತಂಟೆಯಿಲ್ಲದೆ ಮುಗಿಯಿತೆನ್ನೋಣ. ಆಗ ಎರಡು ಸಂಗತಿಗಳು ನಿಜವಾಗಿರುತ್ತವೆ. ಒಂದು ಗುಂಪಿನಲ್ಲಿ ದೀಪವುಳ್ಳ ಸ್ಥಿತಿಯೂ ಇಲ್ಲದ ಸ್ಥಿತಿಯೂ ಬೆರೆತಿಲ್ಲ. ಏಕೆಂದರೆ ಕೂಡಿಸುವಾಗಲೆಲ್ಲ ದೀಪಗಳನ್ನು ಹೋಲಿಸಿದ್ದೇವೆ. ಅಲ್ಲದೆ ಒಂದೇ ಗುಂಪಿನ ಸ್ಥಿತಿಗಳಿಂದ ಒಂದೇ ಅಕ್ಷರದ ಬಾಣ ಹಿಡಿದು ಹೋದರೆ, ಹೋಗಿ ಸೇರುವ ಸ್ಥಿತಿಗಳೂ ಒಂದೇ ಗುಂಪಿನವು. ಏಕೆಂದರೆ ಕೂಡಿಸಿದ ಪ್ರತಿಯೊಂದು ಜೋಡಿಯ ಮುಂದಿನ ಹೆಜ್ಜೆಯನ್ನೂ ಪರಿಶೀಲಿಸಿ ಅಗತ್ಯವಿದ್ದಲ್ಲಿ ಕೂಡಿಸಿದ್ದೇವೆ. ಈಗ ಯಾವ ಪದವನ್ನಾದರೂ ತೆಗೆದುಕೊಳ್ಳಿ. ಹೊರಡುವಾಗ ಎರಡು ಯಂತ್ರಗಳೂ ಒಂದೇ ಗುಂಪಿನಲ್ಲಿವೆ. ಒಂದು ಅಕ್ಷರದ ಬಳಿಕವೂ ಒಂದೇ ಗುಂಪಿನಲ್ಲಿವೆ, ಎರಡರ ಬಳಿಕವೂ ಹಾಗೆಯೇ. ಪದ ಮುಗಿದಾಗಲೂ ಒಂದೇ ಗುಂಪು, ಆದುದರಿಂದ ಒಂದೇ ದೀಪ. ಈ ವಾದದಲ್ಲಿ ಸಮಾನತೆಯನ್ನು ನಾವು ಎಲ್ಲಿಯೂ ಊಹಿಸಿಲ್ಲವೆಂಬುದನ್ನು ಗಮನಿಸಬೇಕು. ಮೊದಲಿನ ಒಪ್ಪಿಗೆಯು ಗುಂಪುಗಳನ್ನು ಕಟ್ಟಲು ಏಣಿಯಾಯಿತೇ ಹೊರತು, ಕಟ್ಟಿದ ಗುಂಪುಗಳ ಸಾಕ್ಷ್ಯವು ತನ್ನ ಕಾಲ ಮೇಲೆಯೇ ನಿಂತಿದೆ.

ಒಪ್ಪಿಗೆ ಸುಳ್ಳಾಗಿದ್ದರೆ ಏನಾಗುತ್ತದೆ? ಮೊದಲಿನ ಪೆಟ್ಟಿಗೆಗಳಿಗೆ ಮರಳೋಣ. ಅಲ್ಲಿ ಅ1, ಬ1, ಬ5ರಲ್ಲಿ ದೀಪ. ಆರನೆಯ ಒತ್ತಿನ ವರೆಗೆ ಎಲ್ಲವೂ ಮೇಲೆ ಹೇಳಿದಂತೆಯೇ ನಡೆಯುತ್ತದೆ. ದೀಪವಿಲ್ಲದ ಅ0, ಬ0, ಬ4, ಅ2, ಬ2 ಒಂದು ಗುಂಪು. ದೀಪವುಳ್ಳ ಅ1, ಬ1, ಬ5 ಇನ್ನೊಂದು. ದೀಪವಿಲ್ಲದ ಅ3, ಬ3 ಮೂರನೆಯದು. ಏಳನೆಯ ಒತ್ತು ಅ3 ಮತ್ತು ಬ1ನ್ನು ಕೂಡಿಸೆನ್ನುತ್ತದೆ. ಒಂದರಲ್ಲಿ ದೀಪವಿಲ್ಲ, ಇನ್ನೊಂದರಲ್ಲಿ ಇದೆ. ಇಲ್ಲಿಗೆ ಒಪ್ಪಿಗೆ ಮುರಿಯಿತು. ಏಳು ಒತ್ತುಗಳ ಪದವೇ ಸಾಕ್ಷಿ. ಹಾಗೆ ಮುರಿದಾಗ, ಅದುವರೆಗೆ ಕಟ್ಟಿದ ಗುಂಪುಗಳನ್ನು ಕಸದ ಬುಟ್ಟಿಗೆ ಹಾಕಬೇಕು. ಸುಳ್ಳು ಒಪ್ಪಿಗೆಯ ಮೇಲೆ ಕಟ್ಟಿದ ಅವುಗಳಿಂದ ಯಾವ ಎರಡು ಸ್ಥಿತಿಗಳು ಸಮಾನವೆಂದು ಹೇಳಲಾಗುವುದಿಲ್ಲ.

ಇನ್ನು ಗುಂಪುಗಳನ್ನು ಇಟ್ಟುಕೊಳ್ಳುವ ಬಗೆ. ಕೂಡಿಸಿದಾಗಲೆಲ್ಲ ಗುಂಪಿನ ಸದಸ್ಯರೆಲ್ಲರ ಹೆಸರನ್ನು ಹೊಸ ಪಟ್ಟಿಗೆ ನಕಲು ಮಾಡುವುದಾದರೆ ಉಳಿಸಿದ ಶ್ರಮವೆಲ್ಲ ಅಲ್ಲಿಯೇ ಕರಗಿಹೋಗುತ್ತದೆ. ಅದಕ್ಕೆ ಬದಲಾಗಿ ಒಂದು ಮನೆತನದಂತೆ ಏರ್ಪಾಡು ಮಾಡುತ್ತಾರೆ. ಪ್ರತಿಯೊಂದು ಸ್ಥಿತಿಯೂ ತನಗಿಂತ ಹಿರಿಯನೊಬ್ಬನ ಹೆಸರನ್ನು ಮಾತ್ರ ನೆನಪಿಟ್ಟಿರುತ್ತದೆ. ತನಗೆ ತಾನೇ ಹಿರಿಯನಾದವನು ಮನೆತನದ ಯಜಮಾನ. ಎರಡು ಸ್ಥಿತಿಗಳು ಒಂದೇ ಗುಂಪಿನವೇ ಎಂದು ತಿಳಿಯಬೇಕಾದರೆ ಎರಡೂ ಕಡೆ ಹಿರಿಯರನ್ನು ವಿಚಾರಿಸುತ್ತ ಯಜಮಾನನ ವರೆಗೆ ಏರುವುದು. ಯಜಮಾನ ಒಬ್ಬನೇ ಆದರೆ ಗುಂಪೂ ಒಂದೇ. ಕೂಡಿಸಬೇಕಾದರೆ ಚಿಕ್ಕ ಮನೆತನದ ಯಜಮಾನನು ದೊಡ್ಡ ಮನೆತನದ ಯಜಮಾನನನ್ನು ತನ್ನ ಹಿರಿಯನೆಂದು ಬರೆದುಕೊಂಡರೆ ಸಾಕು. ಈ ಏರ್ಪಾಡನ್ನು ಬರ್ನಾರ್ಡ್ ಗ್ಯಾಲರ್ ಮತ್ತು ಮೈಕೇಲ್ ಫಿಷರ್ 1964ರಲ್ಲಿ ಪ್ರಕಟಿಸಿದರು. ಕೂಡಿಸುವುದು, ಹುಡುಕುವುದು ಎಂಬ ಎರಡೇ ಕೆಲಸಗಳಿರುವುದರಿಂದ ಇದಕ್ಕೆ ಯೂನಿಯನ್-ಫೈಂಡ್ ಎಂದು ಹೆಸರಾಗಿದೆ.

ಸಮಾನ ಯಂತ್ರಗಳ ಉದಾಹರಣೆಯಲ್ಲಿ ಐದನೆಯ ಒತ್ತಿನ ಬಳಿಕ ಬ0 ಮತ್ತು ಬ4ಕ್ಕೆ ಅ0 ಯಜಮಾನನಾಗಿದ್ದನು, ಬ2ಕ್ಕೆ ಅ2. ಆರನೆಯ ಒತ್ತಿಗೆ ಅ2, ಬ0 ಎಂಬ ಜೋಡಿ ಬಂದಾಗ ಯಜಮಾನರು ಅ2 ಮತ್ತು ಅ0. ಚಿಕ್ಕ ಮನೆತನದ ಅ2 ತನ್ನ ಹಿರಿಯ ಅ0 ಎಂದು ಬರೆದುಕೊಳ್ಳುತ್ತದೆ. ಬ2ಕ್ಕೆ ಸುದ್ದಿಯೇ ಇಲ್ಲ. ಎಂಟನೆಯ ಒತ್ತಿಗೆ ಬ2ನ್ನು ವಿಚಾರಿಸಿದಾಗ ಅದು ಅ2ನ್ನು ತೋರಿಸುತ್ತದೆ, ಅ2 ಅ0ಯನ್ನು ತೋರಿಸುತ್ತದೆ. ಎರಡು ಮೆಟ್ಟಿಲು ಏರಿ ಉತ್ತರ ದೊರೆಯಿತು. ಏರಿದ ಮೇಲೆ ಬ2ರ ಹಿರಿಯನ ಜಾಗದಲ್ಲಿ ನೇರವಾಗಿ ಅ0 ಎಂದು ತಿದ್ದಿಬಿಟ್ಟರೆ ಮುಂದಿನ ಸಲ ಒಂದೇ ಮೆಟ್ಟಿಲು. ಚಿಕ್ಕದನ್ನು ದೊಡ್ಡದಕ್ಕೆ ಸೇರಿಸುವುದು, ಏರಿದ ದಾರಿಯನ್ನು ಮೊಟಕುಮಾಡುವುದು, ಈ ಎರಡನ್ನೂ ಅನುಸರಿಸಿದರೆ ಒಂದೊಂದು ವಿಚಾರಣೆಗೂ ಸರಾಸರಿಯಲ್ಲಿ ತಗಲುವ ಹೆಜ್ಜೆಗಳು ಯಂತ್ರದ ಗಾತ್ರದೊಡನೆ ಬೆಳೆಯುವುದೇ ಇಲ್ಲವೆನ್ನುವಷ್ಟು ನಿಧಾನವಾಗಿ ಬೆಳೆಯುತ್ತವೆಂದು ರಾಬರ್ಟ್ ಟಾರ್ಜನ್ 1975ರಲ್ಲಿ ಸಾಧಿಸಿದರು. 1971ರ ವರದಿಯ ಶೀರ್ಷಿಕೆಯಲ್ಲಿ ಶ್ರಮವು ಸ್ಥಿತಿಗಳ ಸಂಖ್ಯೆಗೆ ನೇರ ಅನುಪಾತದಲ್ಲಿದೆಯೆಂಬ ಅರ್ಥದ ಮಾತಿದೆ. ಕಟ್ಟುನಿಟ್ಟಾಗಿ ನೋಡಿದರೆ ಅದು ಕೂದಲೆಳೆಯಷ್ಟು ಅತ್ಯುಕ್ತಿ. ಕೈಯಲ್ಲಿ ಲೆಕ್ಕ ಹಿಡಿದವನಿಗೆ ಆ ಕೂದಲೆಳೆ ಕಾಣುವುದಿಲ್ಲ.

ಅಕ್ಷರಗಳು ಎರಡಾದರೆ ಒಂದೊಂದು ಜೋಡಿಯಿಂದಲೂ ಎರಡು ಜೋಡಿಗಳು ಹೊರಡುತ್ತವೆ. ಎರಡನ್ನೂ ಒಮ್ಮೆಗೇ ಬೆನ್ನಟ್ಟಲಾಗದು. ಹೊಸದಾಗಿ ಕೂಡಿಸಿದ ಜೋಡಿಯನ್ನು ಒಂದು ಸಾಲಿನ ಕೊನೆಯಲ್ಲಿ ನಿಲ್ಲಿಸಿ, ಸರದಿ ಬಂದಾಗ ಅದರ ಬಾಣಗಳನ್ನು ನೋಡುತ್ತೇವೆ. ಸಾಲು ಬರಿದಾದರೆ ಕೆಲಸ ಮುಗಿಯಿತು. ಸರದಿಯ ಸಾಲನ್ನು ಕೆಡಿಸದೆ ಹೀಗೆ ನಡೆದರೆ ಒಂದು ಲಾಭವುಂಟು: ಯಂತ್ರಗಳು ಭಿನ್ನವಾಗಿದ್ದಲ್ಲಿ ದೊರೆಯುವ ಸಾಕ್ಷಿಪದವು ಅತ್ಯಂತ ಚಿಕ್ಕದಾಗಿರುತ್ತದೆ. ಕೊನೆಗೆ ಬಂದ ಜೋಡಿಯನ್ನೇ ಮೊದಲು ನೋಡುವ ಪದ್ಧತಿಯಲ್ಲಿ ತೀರ್ಪು ಸರಿಯಾಗಿಯೇ ಬರುತ್ತದೆ. ಸಾಕ್ಷಿಪದ ಮಾತ್ರ ಅನಾವಶ್ಯಕವಾಗಿ ಉದ್ದವಾಗಬಹುದು.

ಲೇಖನದ ಮೊದಲಿಗೆ ಕೇಳಿದ ಪ್ರಶ್ನೆಗೆ ಇಲ್ಲಿಯೇ ಉತ್ತರವಿದೆ. ಪದದ ಉದ್ದ 0, 1, 2 ಎಂದು ಹಂತಹಂತವಾಗಿ ಸಾಗುವಾಗ ಪ್ರತಿ ಹಂತದಲ್ಲಿಯೂ ಒಂದಾದರೂ ಹೊಸ ಕೂಡಿಕೆ ನಡೆಯಬೇಕು. ಇಲ್ಲವಾದರೆ ಸಾಲು ಬರಿದಾಗಿ ಆಟ ಮುಗಿಯುತ್ತದೆ. ವಿರೋಧ ಕಾಣುವವರೆಗೆ ದೀಪವುಳ್ಳವೂ ಇಲ್ಲದವೂ ಬೆರೆಯುವುದಿಲ್ಲವಾದುದರಿಂದ ಕನಿಷ್ಠಪಕ್ಷ ಎರಡು ಗುಂಪುಗಳು ಉಳಿದೇ ಇರುತ್ತವೆ. ಅಂದರೆ ಕೂಡಿಕೆಗಳು m + n − 2ನ್ನು ದಾಟವು. ಆದುದರಿಂದ ಭಿನ್ನತೆಯೆಂಬುದು ಇದ್ದರೆ m + n − 2 ಅಕ್ಷರಗಳೊಳಗಾಗಿ ಅದು ಬಯಲಿಗೆ ಬರಲೇಬೇಕು. ನಾಲ್ಕು ಮತ್ತು ಆರು ಸ್ಥಿತಿಗಳಿಗೆ ಈ ಮಿತಿ 8. ನಮ್ಮ ಪೆಟ್ಟಿಗೆಗಳು 7ರಲ್ಲಿಯೇ ಸಿಕ್ಕಿಬಿದ್ದವು. ಯಂತ್ರಗಳನ್ನು ಹೊರಗಿನಿಂದಲೇ ಪರೀಕ್ಷಿಸುವ ಇಂತಹ ಮಿತಿಗಳನ್ನು ಎಡ್ವರ್ಡ್ ಮೂರ್ 1956ರಷ್ಟು ಹಿಂದೆಯೇ ವಿಚಾರಮಾಡಿದ್ದರು. ಮಿತಿ ತಿಳಿದ ಮೇಲೆ ಅಷ್ಟು ಉದ್ದದ ಪದಗಳನ್ನೆಲ್ಲ ಕೊಟ್ಟು ನೋಡಿದರಾಗದೇ ಎಂದರೆ, ಎರಡು ಅಕ್ಷರಗಳು ಮತ್ತು ಒಟ್ಟು 20 ಸ್ಥಿತಿಗಳಿದ್ದಲ್ಲಿ ಅಂತಹ ಪದಗಳು 5,24,287. ಕೂಡಿಸುವ ವಿಧಾನಕ್ಕೆ ಹೆಚ್ಚೆಂದರೆ 19 ಜೋಡಿಗಳು, ಅವುಗಳಿಂದ 38 ಹೆಜ್ಜೆಗಳು.

ವಿಧಾನವು ಸರಳವಾಗಿದ್ದರೂ ಇದನ್ನು ಗಣಕಯಂತ್ರಕ್ಕೆ ಬರೆದುಕೊಡುವವರು ಎರಡು ಕಡೆಗಳಲ್ಲಿ ಎಡವುತ್ತಾರೆ. ಸಾಲಿನಲ್ಲಿ ನಿಜವಾದ ಸ್ಥಿತಿಗಳ ಜೋಡಿಯನ್ನು ನಿಲ್ಲಿಸುವ ಬದಲು ಅವುಗಳ ಯಜಮಾನರ ಜೋಡಿಯನ್ನು ನಿಲ್ಲಿಸುವುದು ಮೊದಲನೆಯದು. ಯಜಮಾನನು ಗುಂಪಿನ ಪ್ರತಿನಿಧಿಯಲ್ಲವೇ ಎಂದು ತೋರುತ್ತದೆ, ತೀರ್ಪೂ ತಪ್ಪುವುದಿಲ್ಲ. ಆದರೆ ಮುಂದಿನ ಬಾಣಗಳನ್ನು ಯಜಮಾನನಿಂದ ಹಿಡಿದು ಹೋದಾಗ, ಬರೆದಿಟ್ಟ ಪದದಿಂದ ಯಂತ್ರಗಳು ಸೇರುವ ಸ್ಥಳ ಒಂದು, ನಾವು ನೋಡುತ್ತಿರುವ ಸ್ಥಳ ಇನ್ನೊಂದು ಆಗಿಬಿಡಬಹುದು. ಯಂತ್ರಗಳು ಭಿನ್ನವೆಂಬುದೇನೋ ನಿಜ. ತೋರಿಸಿದ ಸಾಕ್ಷಿಪದವನ್ನು ಕೊಟ್ಟು ನೋಡಿದರೆ ಎರಡರ ದೀಪಗಳೂ ಒಂದೇ ಉತ್ತರ ಹೇಳಬಹುದು. ಆದುದರಿಂದ ದೊರೆತ ಸಾಕ್ಷಿಯನ್ನು ಎರಡೂ ಯಂತ್ರಗಳಲ್ಲಿ ಒಮ್ಮೆ ನಡೆಸಿ ನೋಡುವುದು ಒಳ್ಳೆಯ ಅಭ್ಯಾಸ. ಬಾಣಗಳನ್ನು ಬಿಟ್ಟು ಬರೆದ ಯಂತ್ರಗಳದು ಎರಡನೆಯ ತೊಡಕು. ಬಾಣವಿಲ್ಲದ ಕಡೆ ಪದವು ತಿರಸ್ಕೃತವೆಂದು ಓದುಗನು ಊಹಿಸಿಕೊಳ್ಳುತ್ತಾನೆ. ವಿಧಾನಕ್ಕೆ ಊಹೆ ಬಾರದು. ದೀಪವಿಲ್ಲದ, ಒಳಹೊಕ್ಕ ಮೇಲೆ ಹೊರಬರಲಾಗದ ಒಂದು ಸ್ಥಿತಿಯನ್ನು ಸೇರಿಸಿ, ಬಿಟ್ಟುಹೋದ ಬಾಣಗಳನ್ನೆಲ್ಲ ಅಲ್ಲಿಗೆ ತಿರುಗಿಸಿದ ಬಳಿಕವೇ ಕೂಡಿಸಲು ಹೊರಡಬೇಕು.

ಈ ವಿಧಾನವು ಯಂತ್ರವನ್ನು ಅತ್ಯಂತ ಚಿಕ್ಕದಾಗಿ ಮಾಡಿಕೊಡುತ್ತದೆಂದೂ ತಿಳಿಯಬಾರದು. ನಾಲ್ಕು ಸ್ಥಿತಿಗಳ ಸಮಸಂಖ್ಯೆಯ ಯಂತ್ರವನ್ನು ಅದರದೇ ನಕಲಿನೊಡನೆ ಹೋಲಿಸಿದರೆ ನಾಲ್ಕು ಕೂಡಿಕೆಗಳಾಗಿ ನಾಲ್ಕು ಗುಂಪುಗಳು ಉಳಿಯುತ್ತವೆ. ಎರಡೇ ಸ್ಥಿತಿಗಳ ಯಂತ್ರ ಸಾಕಾಗಿತ್ತೆಂಬುದು ಎಲ್ಲಿಯೂ ಕಾಣುವುದಿಲ್ಲ. ಕೇಳಿದಷ್ಟಕ್ಕೇ ಉತ್ತರ ಹೇಳುವುದರಿಂದಲೇ ಅದಕ್ಕೆ ಇಷ್ಟು ವೇಗ. ಒಂದೇ ಅಕ್ಷರಕ್ಕೆ ಹಲವು ಬಾಣಗಳುಳ್ಳ ಯಂತ್ರಗಳಿಗಂತೂ ಇದು ನೇರವಾಗಿ ಸಲ್ಲದು. ಅವನ್ನು ಮೊದಲು ನಿರ್ಧಾರಿತ ಯಂತ್ರಗಳಾಗಿ ಮಾರ್ಪಡಿಸಬೇಕು, ಆಗ n ಸ್ಥಿತಿಗಳು 2ⁿರ ವರೆಗೂ ಉಬ್ಬಬಹುದು.

ಕಾಗದ, ಪೆನ್ಸಿಲು ಹಿಡಿದ ವಾಚಕರಿಗೆ ಎರಡು ಅಕ್ಷರಗಳ ಒಂದು ಉದಾಹರಣೆ. ದ್ವಿಮಾನ ಸಂಖ್ಯೆಯೊಂದರ ಅಂಕಗಳನ್ನು ಎಡದಿಂದ ಓದುತ್ತ, ಅದುವರೆಗಿನ ಸಂಖ್ಯೆಯನ್ನು 3ರಿಂದ ಭಾಗಿಸಿದ ಶೇಷವನ್ನು ನೆನಪಿಡುವ ಯಂತ್ರಕ್ಕೆ ಮೂರು ಸ್ಥಿತಿಗಳು. ಶೇಷ 0 ಆದಾಗ ದೀಪ. 6ರಿಂದ ಭಾಗಿಸಿದ ಶೇಷವನ್ನು ನೆನಪಿಡುವ ಯಂತ್ರಕ್ಕೆ ಆರು ಸ್ಥಿತಿಗಳು. ಶೇಷ 0 ಅಥವಾ 3 ಆದಾಗ ದೀಪ. ಶೇಷ r ಇರುವಾಗ d ಎಂಬ ಅಂಕ ಬಂದರೆ ಹೊಸ ಶೇಷವು 2r + dಯನ್ನು ಭಾಗಿಸಿ ಉಳಿದುದು. ಆರು ಕೂಡಿಕೆಗಳಲ್ಲಿ ಒಂಬತ್ತು ಸ್ಥಿತಿಗಳು ಮೂರು ಗುಂಪುಗಳಾಗಿ ಸಾಲು ಬರಿದಾಗುವುದನ್ನು ನೋಡಬಹುದು. ಆಮೇಲೆ ಎರಡನೆಯ ಯಂತ್ರದಲ್ಲಿ ಶೇಷ 5ಕ್ಕೂ ದೀಪ ಹಚ್ಚಿ, ಮತ್ತೆ ಮೊದಲಿನಿಂದ ನಡೆಸಿದರೆ, ಮೂರು ಅಂಕಗಳ ಸಾಕ್ಷಿಪದವೊಂದು ಕೈಗೆ ಸಿಕ್ಕುತ್ತದೆ.